ದೇವದುರ್ಗದ ತಕರಾರಿಗೆ ಬರೆದ ಉತ್ತರ

ನಾನು ಹುಟ್ಟಾ ಸಂಶಯದ ಮನುಷ್ಯ. ಬೀಗ ಹಾಕಿದ ಮೇಲೂ ಎಳೆದು ನೋಡುವವನು. ರಾಯಚೂರಿನ ಒಂದು ಖಾಸಗಿ ಲ್ಯಾಬಿನಲ್ಲಿ ಸಿಬ್ಬಂದಿಯ ಹಾಜರಿ, ರಜೆ, ಜಗಳ ಇವನ್ನೆಲ್ಲ ನೋಡಿಕೊಳ್ಳುವ ಕೆಲಸ ನನ್ನದು. ಇಂಥ ಕೆಲಸಕ್ಕೆ ಇಂಥ ಬುದ್ಧಿ ಇರಲೇಬೇಕು ಎಂದು ನಾನೇ ನನಗೆ ಹೇಳಿಕೊಂಡಿದ್ದೇನೆ.

ನಮ್ಮ ಲ್ಯಾಬಿಗೆ ದೇವದುರ್ಗದಲ್ಲೊಂದು, ಮಾನ್ವಿಯಲ್ಲೊಂದು ಚಿಕ್ಕ ಕೇಂದ್ರವಿದೆ. ಎರಡೂ ಕಡೆ ಒಬ್ಬೊಬ್ಬರೇ ಟೆಕ್ನಿಷಿಯನ್. ಬೆಳಿಗ್ಗೆಯಿಂದ ರಕ್ತ ತೆಗೆದು, ಐಸಿನ ಡಬ್ಬಿಯಲ್ಲಿಟ್ಟು, ಬಸ್ಸಿನ ಡ್ರೈವರನ ಕೈಗೆ ಕೊಟ್ಟು ರಾಯಚೂರಿಗೆ ಕಳಿಸುತ್ತಾರೆ. ದಿನಕ್ಕೆರಡು ಸಲ ಡಬ್ಬಿ ಬರುತ್ತದೆ. ಯಾವ ಡಬ್ಬಿಯಲ್ಲಿ ಎಷ್ಟು ಟ್ಯೂಬು ಬಂತು ಎಂದು ನಾವಿಲ್ಲಿ ಎಣಿಸುತ್ತೇವೆ. ಕೆಲಸ ಎಂದರೆ ನಮ್ಮ ಲೆಕ್ಕದಲ್ಲಿ ಅಷ್ಟೇ.

ದೇವದುರ್ಗದ ಟೆಕ್ನಿಷಿಯನ್ ಹೆಣ್ಣುಮಗಳು ಒಂದು ದಿನ ತಕರಾರು ಕಳಿಸಿದಳು. ಮಾನ್ವಿಯವರಿಗಿಂತ ತನಗೆ ಕೆಲಸದ ಹೊರೆ ಬಹಳ ಹೆಚ್ಚು, ಇದನ್ನು ಸರಿಪಡಿಸಿ, ಲಿಖಿತ ಉತ್ತರ ಕೊಡಿ. ಕೊನೆಗೊಂದು ಸಾಲು: 'ಹೀಗೇಕೆ ಎಂಬುದು ತಮಗೇ ಗೊತ್ತು.'

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮಾನ್ವಿಯ ಹುಡುಗ ನನಗೆ ದೂರದ ನಂಟ. ಅವನನ್ನು ಕೆಲಸಕ್ಕೆ ತೆಗೆದುಕೊಂಡವನು ನಾನಲ್ಲ; ಆದರೆ ನಾವಿಬ್ಬರೂ ದ್ವಾದಶಿಯ ದಿನ ಮಠದಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವವರು. ಇದು ದೇವದುರ್ಗಕ್ಕೆ ಹೇಗೆ ಗೊತ್ತಾಯಿತು? ಯಾರೋ ಹಿಂದೆ ನಿಂತು ಬರೆಸಿದ್ದಾರೆ ಎಂದು ಎರಡು ದಿನ ನಮ್ಮ ಆಫೀಸಿನ ಒಬ್ಬೊಬ್ಬರ ಮುಖ ನೋಡುತ್ತ ತಿರುಗಿದೆ.

ಟ್ಯೂಬುಗಳ ಎಣಿಕೆ ತೆಗೆದು ನೋಡಿದರೆ ಎರಡೂ ಊರು ಹೆಚ್ಚುಕಡಿಮೆ ಸರಿಸಮ. ಅದನ್ನು ಹಿಡಿದು ಲ್ಯಾಬಿನ ಮಾಲೀಕರಾದ ಡಾಕ್ಟರ ಹತ್ತಿರ ಹೋದೆ.

"ತಪ್ಪಾಗ್ಯದ ಅಂತ ಒಂದಕ್ಷರ ಬರೀಬ್ಯಾಡ್ರಿ," ಅಂದರು ಡಾಕ್ಟರು. "ನಾಳೆ ಅದನ್ನ ಹಿಡ್ಕೊಂಡು ಲೇಬರ್ ಆಫೀಸಿಗೆ ಹೋಗ್ತಾಳ. ಅಷ್ಟು ತ್ರಾಸ ಇದ್ರ ರಾಯಚೂರಿಗೆ ಹಾಕಿಬಿಡ್ರಿ. ಇಲ್ಲಿ ನಮ್ಮ ಕಣ್ಣ ಮುಂದ ಇರ್ತಾಳ."

ಆಕೆಯ ತಾಯಿ ಹಾಸಿಗೆ ಹಿಡಿದಿದ್ದಾಳೆಂದು ನನಗೆ ಗೊತ್ತಿತ್ತು. ಮಧ್ಯಾಹ್ನ ಓಡಿಹೋಗಿ ತಾಯಿಗೆ ಉಣಿಸಿ ಬರಬಹುದು ಎಂದೇ ಆಕೆ ಆ ಊರಿನ ಕೆಲಸ ಹಿಡಿದುಕೊಂಡಿದ್ದಳು. ರಾಯಚೂರಿಗೆ ಹಾಕಿದರೆ ಕೆಲಸ ಬಿಡಬೇಕು, ಇಲ್ಲವೇ ತಾಯಿಯನ್ನು ಬಿಡಬೇಕು. ತಕರಾರು ಕೊಟ್ಟವರನ್ನೇ ಎತ್ತಿ ಬೇರೆ ಕಡೆ ಹಾಕುವುದು ಉತ್ತರವಲ್ಲ, ಶಿಕ್ಷೆ. ನನಗೆ ಸಿಟ್ಟು ಬಂತು. ಆದರೂ ಬಂದು, ತಪ್ಪು ಒಪ್ಪದಂಥ ಉತ್ತರವನ್ನೇ ಬರೆಯಲು ಕೂತೆ.

'ಹೆಚ್ಚು ಕೆಲಸವಿದೆ ಎಂದು ತಮಗೆ ಅನಿಸಿರುವುದು ತಿಳಿಯಿತು. ಎಲ್ಲ ಸಿಬ್ಬಂದಿಯೂ ಅಷ್ಟೇ ದುಡಿಯುತ್ತಿದ್ದಾರೆ.' ಹಾವು ಸಾಯಬಾರದು, ಕೋಲು ಮುರಿಯಬಾರದು ಎನ್ನುವಂಥ ಬರಹ. ಓದಿಕೊಂಡೆ. ನನಗೆ ಯಾರಾದರೂ ಹೀಗೆ ಬರೆದಿದ್ದರೆ ಅವರ ಮುಖವನ್ನೇ ನೋಡುತ್ತಿರಲಿಲ್ಲ. ಹರಿದು ಹಾಕಿದೆ. ಆಕೆ ಹೇಳುವುದರಲ್ಲಿ ಎಷ್ಟು ನಿಜ, ಎಷ್ಟು ನಾಟಕ ಎಂದು ಕಣ್ಣಾರೆ ನೋಡದೆ ಏನೂ ಬರೆಯಬಾರದು ಎಂದುಕೊಂಡು, ಹೇಳದೆ ಕೇಳದೆ ದೇವದುರ್ಗದ ಬಸ್ ಹತ್ತಿದೆ.

ಬಸ್ ಸ್ಟ್ಯಾಂಡಿನ ಕಂಬದ ಮರೆಯಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಆಕೆ ಡಬ್ಬಿ ಹಿಡಿದುಕೊಂಡು ಬಂದಳು. ಒಂದು ಬಸ್ಸಿನ ಡ್ರೈವರ್ ಡಬ್ಬಿ ಒಲ್ಲೆ ಎಂದ. ಇನ್ನೊಂದು ಬಸ್ಸು ಬರಲೇ ಇಲ್ಲ. ಅಷ್ಟರಲ್ಲಿ ಆಕೆಯ ಫೋನು ಎರಡು ಸಲ ಬಡಿದುಕೊಂಡಿತು. "ಬಾಗ್ಲಾ ಹಾಕೀನ್ರೀ, ಬಸ್ ಸ್ಟ್ಯಾಂಡಿನ್ಯಾಗ ಅದೀನಿ, ಸ್ವಲ್ಪ ನಿಂದ್ರಿ," ಎಂದು ಯಾವುದೋ ಪೇಷಂಟಿಗೆ ಹೇಳುತ್ತಿದ್ದಳು. ಫೋನಿಟ್ಟವಳೇ ಸೀದಾ ನನ್ನ ಕಂಬದ ಕಡೆಗೆ ಬಂದಳು.

"ಇದನ್ನ ಹಿಡೀರಿ ಸರ. ಹೆಂಗೂ ನನ್ನ ಕಾಯಾಕ ಬಂದೀರಿ, ಡಬ್ಬೀನೂ ಕಾಯ್ರಿ. ನಾ ಒಬ್ಬರ ರಕ್ತ ತಗದು ಬರ್ತೀನಿ."

ಹಿಡಿದುಕೊಂಡು ನಿಂತೆ. ಐಸಿನ ಡಬ್ಬಿ ಅಷ್ಟು ಭಾರ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಆಕೆ ತಿರುಗಿ ಬಂದಾಗಲೂ ಬಸ್ಸು ಬಂದಿರಲಿಲ್ಲ. "ದಿನಾ ಎರಡು ಸಲ ಹಿಂಗ ಬಾಗ್ಲಾ ಹಾಕಿ ಬರಬೇಕ್ರಿ ಸರ," ಎಂದಳು.

ಮರುದಿನ ಮಾನ್ವಿಗೆ ಹೋದೆ. ಅಲ್ಲಿನ ಕೇಂದ್ರ ರಾಯಚೂರು-ಸಿಂಧನೂರು ಬಸ್ಸು ಓಡಾಡುವ ರಸ್ತೆಯ ಮೇಲೆಯೇ ಇದೆ. ನಮ್ಮ ಹುಡುಗ ಬಾಗಿಲಲ್ಲಿ ನಿಂತು ಕೈ ಎತ್ತಿದ, ಬಸ್ಸು ನಿಧಾನ ಮಾಡಿತು, ಕಿಟಕಿಯಿಂದ ಡಬ್ಬಿ ಒಳಗೆ ಹೋಯಿತು. "ಚಹಾ ಕುಡೀತೀರೇನ್ರೀ ಮಾಮಾ?" ಎಂದು ಕೇಳಿದ. ಅವನದೇನೂ ತಪ್ಪಿಲ್ಲ. ಆದರೂ ಆ ಚಹಾ ನನಗೆ ಸೇರಲಿಲ್ಲ. ಟ್ಯೂಬು ಎಣಿಸುವ ನಾವು ಡಬ್ಬಿ ಸಾಗಿಸುವ ಹೊತ್ತನ್ನು ಯಾವತ್ತೂ ಎಣಿಸಿರಲಿಲ್ಲ.

ಹಾಗೆಂದು ಬರೆದುಬಿಡಲು ಬರುವುದಿಲ್ಲ. ಒಂದು ದಿನ ಕಂಡದ್ದು ದಿನಾ ನಡೆಯುವುದೇ? ವಿಚಾರಿಸದೆ ತಪ್ಪು ಯಾರದೆಂದು ಹೇಳಲು ನಾನು ಯಾರು? ಆದ್ದರಿಂದ ಹೀಗೆ ಬರೆದೆ: ತಮ್ಮ ತಕರಾರು ತಲುಪಿದೆ. ಹೊರೆ ಅಸಮವಾಗಿದೆ, ಡಬ್ಬಿ ಸಾಗಿಸಲು ಹೋದಾಗ ಕೇಂದ್ರ ಮುಚ್ಚಬೇಕಾಗುತ್ತದೆ ಎಂಬುದು ತಮ್ಮ ಮಾತು ಎಂದು ನಾವು ತಿಳಿದುಕೊಂಡಿದ್ದೇವೆ. ಬೇರೇನಾದರೂ ಇದ್ದರೆ ತಿಳಿಸಿ. ಎರಡೂ ಕೇಂದ್ರಗಳ ಪೂರ್ತಿ ಕೆಲಸವನ್ನು ಮುಖ್ಯ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಪರಿಶೀಲಿಸುತ್ತಾರೆ, ತಮ್ಮೊಂದಿಗೂ ಮಾತಾಡುತ್ತಾರೆ. ಮುಂದಿನ ತಿಂಗಳ ಮೊದಲ ವಾರದೊಳಗೆ ಫಲಿತಾಂಶ ತಿಳಿಸುತ್ತೇವೆ. ಅಲ್ಲಿಯವರೆಗೆ ಸಂಜೆಯ ಡಬ್ಬಿಯನ್ನು ಬೇರೆಯವರು ಒಯ್ಯುತ್ತಾರೆ. ಇದು ತಾತ್ಕಾಲಿಕ ಅನುಕೂಲ, ತಕರಾರಿನ ಮೇಲಿನ ತೀರ್ಮಾನವಲ್ಲ. ಪರಿಶೀಲನೆ ಮುಗಿಯುವವರೆಗೆ ತಮ್ಮ ಕೆಲಸದ ಜಾಗ ಬದಲಾಗುವುದಿಲ್ಲ.

ಪರಿಶೀಲನೆಯಿಂದ ನಾನು ಹೊರಗೆ ಉಳಿದೆ. ನಂಟನ ವಿಷಯವನ್ನು ಡಾಕ್ಟರಿಗೆ ನಾನೇ ಹೇಳಿದೆ. ಅವರು ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಇದು ಬೇಕಾ?" ಎಂದರು.

"ಇದಿಲ್ಲಂದ್ರ ಉಳದದ್ದು ಯಾವದೂ ಆಕಿ ನಂಬಂಗಿಲ್ರಿ," ಎಂದೆ. ನನ್ನ ಮುಖ ನೋಡಿ ಸಹಿ ಹಾಕಿದರು. ನಾನು ಯಾರ ಕಡೆ ಎಂಬ ಸಂಶಯ ಈಗ ಅವರಿಗೂ ಶುರುವಾಗಿತ್ತು.

ಉತ್ತರವನ್ನು ನಾನೇ ಒಯ್ದು ಕೊಟ್ಟೆ. ಆಕೆ ಮೊದಲು ಕೊನೆಯಿಂದ ಓದಿದಳು, ಆಮೇಲೆ ಮೊದಲಿನಿಂದ. ನನ್ನ ಪ್ರತಿಯ ಮೇಲೆ ಸಹಿ ಮಾಡಿ ಅದರ ಕೆಳಗೆ ಬರೆದಳು: 'ಮುಟ್ಟಿದೆ. ಒಪ್ಪಿಗೆ ಅಲ್ಲ.'

"ಇದ್ಯಾಕ್ರೀ?"

"ನೀವೂ ಏನೂ ಒಪ್ಪಿಲ್ಲಲ್ರೀ ಸರ. ನೋಡ್ತೀವಿ ಅಂದೀರಿ. ನಾ ಕಾಯ್ತೀನಿ." ಪ್ರತಿಯನ್ನು ನನ್ನ ಕೈಗೆ ಕೊಡುತ್ತ ಮತ್ತೆ ಹೇಳಿದಳು, "ಒಂದು ಕೆಲಸ ಮಾಡ್ರಿ. ಆ ಕೊನೀ ಸಾಲು ನಮ್ಮ ಅಮ್ಮಿಗೆ ಓದಿ ಹೇಳ್ರಿ. ತಕರಾರು ಕೊಟ್ಟದ್ದಕ್ಕ ವರ್ಗ ಮಾಡ್ತಾರ ಅಂತ ಊಟನ ಬಿಟ್ಟಾಳ. ನಾ ಹೇಳಿದ್ರ ನಂಬವಲ್ಲಳು."

ಮನೆ ಹತ್ತಿರವೇ ಇತ್ತು. ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಟ್ಟಳು. ನಿಧಾನವಾಗಿ ಓದಿದೆ. ಮುದುಕಿ ಕಣ್ಣು ಮುಚ್ಚಿಕೊಂಡು ಕೇಳಿದಳು.

"ನೋಡೋದು ಮುಗಿಯೋತನ ಇಲ್ಲೇ ಇರ್ತಾಳ," ಎಂದಳು. "ಮುಗದ ಮ್ಯಾಲ?"

ಒಂದೊಂದು ಮಾತನ್ನೂ ತೂಗಿ ಬರೆದವನು ನಾನು. ಆಮೇಲೂ ವರ್ಗ ಮಾಡುವುದಿಲ್ಲ ಅಂದರೆ ಅದು ಕೊಡಬಾರದ ಭರವಸೆ. ಗೊತ್ತಿಲ್ಲ ಅಂದರೆ ಮುದುಕಿ ಒಂದು ತುತ್ತೂ ಉಣ್ಣುವುದಿಲ್ಲ. ಮಗಳು ತಟ್ಟೆ ತಂದು ಪಕ್ಕದಲ್ಲಿ ಕೂತು, ಆಗಿನದು ಆಗ ನೋಡೋಣ ಎಂದು ತಮ್ಮ ಮನೆಮಾತಿನಲ್ಲಿ ತಾಯಿಗೆ ಮೆಲ್ಲಗೆ ಹೇಳಿದಳು. ನನ್ನನ್ನು ಉಳಿಸಲೆಂದೇ ಹೇಳಿದ್ದು, ಅದು ನನಗೆ ತಿಳಿಯಿತು.

ಮುದುಕಿ ಬಾಯಿ ತೆರೆದಳು, ತುತ್ತು ತೆಗೆದುಕೊಂಡಳು. ಅಗಿಯುತ್ತಲೇ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಆಕೆ ನನ್ನನ್ನು ನಂಬಿರಲಿಲ್ಲ. ಆ ಹಾಸಿಗೆಯಲ್ಲಿ ನಾನಿದ್ದಿದ್ದರೆ ನಾನೂ ನಂಬುತ್ತಿರಲಿಲ್ಲ.