ಸ್ಕ್ರೀನ್‌ಶಾಟಿನ ಮೇಲಂಚು

ನನ್ನ ಗೆಳತಿ ತೀರಿಹೋದ ಮೇಲೆ ಆಫೀಸಿನವರೆಲ್ಲ ಅವಳ ಬಗ್ಗೆ ಒಳ್ಳೆಯ ಮಾತಾಡಿದರು. ತಾಳ್ಮೆಯವಳು, ಯಾರ ಮೇಲೂ ದ್ವೇಷ ಇಟ್ಟುಕೊಂಡವಳಲ್ಲ ಅಂದರು. ತಾಳ್ಮೆಯ ಮಾತು ನಿಜ. ದ್ವೇಷದ್ದು ಶುದ್ಧ ಸುಳ್ಳು. ಅವಳು ದ್ವೇಷ ಇಟ್ಟುಕೊಂಡಿದ್ದಳು, ಅದನ್ನು ಚೆನ್ನಾಗಿಯೇ ಸಾಕಿದ್ದಳು. ಅದನ್ನು ಬಿಟ್ಟು ಬರೆದರೆ ಅದು ಅವಳೇ ಆಗುವುದಿಲ್ಲ.

ನಾವಿಬ್ಬರೂ ಒಂದು ಬ್ಯಾಂಕಿನ ವಂಚನೆ ದೂರು ವಿಭಾಗದಲ್ಲಿ ಅಕ್ಕಪಕ್ಕ ಕೂರುತ್ತಿದ್ದೆವು. ಅನುಮಾನದ ಇ-ಮೇಲ್ ಬಂದರೆ ಗ್ರಾಹಕರು ಅದರ ಸ್ಕ್ರೀನ್‌ಶಾಟ್ ತೆಗೆದು ನಮಗೆ ಕಳಿಸುತ್ತಿದ್ದರು, ಇದು ನಿಮ್ಮದೇನಾ ಎಂದು ಕೇಳಿ. ಅವಳು ಚಿತ್ರವನ್ನು ಪರದೆ ತುಂಬ ಹಿಗ್ಗಿಸಿ, ಮೂಲೆ ಮೂಲೆ ನೋಡುತ್ತಿದ್ದಳು. ಅದಕ್ಕೇ ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದೆವು. ಹೊಸಬರಿಗೆ ಹೇಳುತ್ತಿದ್ದಳು: "ಲೋಗೊ ನೋಡಿ ನಂಬಬೇಡಿ, ಅದನ್ನ ಯಾರು ಬೇಕಾದ್ರೂ ಅಂಟಿಸಬಹುದು. ಭಾಷೆ ಚೆನ್ನಾಗಿದೆ ಅಂತಲೂ ನಂಬಬೇಡಿ, ಈಗಿನ ಕಳ್ಳರು ನಮ್ಮ ಮ್ಯಾನೇಜರ್‌ಗಿಂತ ಚೆನ್ನಾಗಿ ಬರೀತಾರೆ." ಬರೀ ಚಿತ್ರದಲ್ಲಿ ಲಿಂಕ್ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಾಗುವುದಿಲ್ಲವಾದ್ದರಿಂದ, ಮೂಲ ಮೇಲನ್ನೇ ಕಳಿಸಿ, ಏನನ್ನೂ ಒತ್ತಬೇಡಿ ಎಂದು ಎಲ್ಲರಿಗೂ ಉತ್ತರಿಸುತ್ತಿದ್ದಳು.

ಅವಳ ದ್ವೇಷ ಇದ್ದದ್ದು ಅವಳ ಭಾವನ ಮೇಲೆ.

ಅವಳ ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಾಡುತ್ತಾಳೆ. ಕೆಲವು ವರ್ಷದ ಹಿಂದೆ ಬ್ಯಾಂಕಿನದೆಂದು ಬಂದ ಒಂದು ಮೇಲ್ ನಂಬಿ, ಕೂಡಿಟ್ಟದ್ದನ್ನೆಲ್ಲ ಕಳೆದುಕೊಂಡಳು. ಕಳ್ಳ ಒಂದು ಸಲ ಹೊಡೆದು ಹೋದ. ಭಾವ ಮಾತ್ರ ಬಿಡಲಿಲ್ಲ. ಮನೆಗೆ ಯಾರೇ ಬರಲಿ, "ಇವಳೇ ನಮ್ಮ ಕ್ಲಿಕ್ಕಮ್ಮ, ಫೋನ್ ಕೈಗೆ ಕೊಟ್ರೆ ಮನೆ ಮಾರಿಬಿಡ್ತಾಳೆ" ಎಂದು ಪರಿಚಯಿಸುತ್ತಿದ್ದ. ಅಕ್ಕ ನಗುತ್ತಾ ಟೀ ಕೊಡುತ್ತಿದ್ದಳು. ಅವಳ ಖಾತೆ ಮುಚ್ಚಿಸಿದ. ಹೊಲಿಗೆಯ ದುಡ್ಡೆಲ್ಲ ತನ್ನ ಖಾತೆಗೇ ಬರುವಂತೆ ಮಾಡಿದ. ಒಂದು ಸೂಜಿ ಡಬ್ಬಿ ಬೇಕಿದ್ದರೂ ಅವಳು ಅವನ ಮುಂದೆ ಕೈಚಾಚಬೇಕಿತ್ತು. ನನ್ನ ಗೆಳತಿ ಕೇಳಿದ್ದು ಒಂದೇ: ಅಕ್ಕನ ದುಡ್ಡು ಅಕ್ಕನ ಕೈಗೆ ಬರಬೇಕು. ಎಷ್ಟು ಸಲ ಕೇಳಿದರೂ ಭಾವನ ಉತ್ತರ ಅದೇ ಕ್ಲಿಕ್ಕಮ್ಮ.

ಒಂದು ಶನಿವಾರ ಮಧ್ಯಾಹ್ನ ಊಟದ ಕೋಣೆಯಲ್ಲಿದ್ದೆವು. ಅವಳ ಫೋನಿಗೆ ಭಾವನಿಂದ ಒಂದು ಸ್ಕ್ರೀನ್‌ಶಾಟ್ ಬಂತು. ಕೆಳಗೆ ಬರೆದಿದ್ದ: "ನಮ್ಮ ಆಫೀಸಿನವನೊಬ್ಬನಿಗೆ ಬಂದಿದೆ. ನಿಜವಾದದ್ದಾ ಕೇಳ್ತಿದ್ದಾನೆ. ಬೇಗ ಹೇಳು."

ಬ್ಯಾಂಕು ನಮ್ಮದಲ್ಲ, ಭಾವನ ಖಾತೆ ಇದ್ದ ಬೇರೆ ಬ್ಯಾಂಕು. ಕಳಿಸಿದವರ ಜಾಗದಲ್ಲಿ ಬ್ಯಾಂಕಿನ ಹೆಸರು ದಪ್ಪಕ್ಷರದಲ್ಲಿತ್ತು. ಅದರ ಕೆಳಗಿನ ಸಣ್ಣ ವಿಳಾಸದಲ್ಲೂ ಆ ಹೆಸರಿತ್ತು, ಆದರೆ ಕೊನೆಯ ಭಾಗ ಮಾತ್ರ ಯಾವುದೋ ಬೇರೆ ಜಾಲತಾಣದ್ದು. 'ಪ್ರಿಯ ಗ್ರಾಹಕರೇ' ಅಂದಿತ್ತೇ ಹೊರತು ಖಾತೆದಾರನ ಹೆಸರಿರಲಿಲ್ಲ. ಇಂದು ಸಂಜೆಯೊಳಗೆ ವಿವರ ದೃಢಪಡಿಸದಿದ್ದರೆ ಖಾತೆ ಸ್ಥಗಿತ ಎಂಬ ಬೆದರಿಕೆ. ಕೆಳಗೆ ಒತ್ತಲು ಒಂದು ನೀಲಿ ಗುಂಡಿ.

"ಇದು ಮೋಸದ್ದು, ಎಳೆ ಮಗುವಿಗೂ ಗೊತ್ತಾಗುತ್ತೆ" ಎಂದೆ.

ಅವಳು ಬೆರಳಲ್ಲಿ ಚಿತ್ರದ ಮೇಲಂಚನ್ನು ಹಿಗ್ಗಿಸಿದಳು. ಸ್ಕ್ರೀನ್‌ಶಾಟ್ ತೆಗೆಯುವ ಕ್ಷಣದಲ್ಲೇ ಒಂದು ಮೆಸೇಜು ಮೇಲಿನಿಂದ ಇಳಿದು ಚಿತ್ರದೊಳಗೆ ಸಿಕ್ಕಿಬಿದ್ದಿತ್ತು. ಅದು ಬ್ಯಾಂಕಿನದೇ: ಹಣ ಕಳಿಸಲು ಹೊಸ ಹೆಸರು ಸೇರಿಸುವುದಕ್ಕೆ ನಿಮ್ಮ ಒಟಿಪಿ, ಯಾರಿಗೂ ಹೇಳಬೇಡಿ.

ಅವಳ ಮುಖದಲ್ಲಿ ಒಂದು ನಗು ಮೂಡಿತು. ಅಂಥ ನಗುವನ್ನು ನಾನು ಅವಳಲ್ಲಿ ಹಿಂದೆ ನೋಡಿರಲಿಲ್ಲ.

"ಇದು ಆಫೀಸಿನವನದ್ದಲ್ಲ, ಭಾವನದೇ. ಗುಂಡಿ ಒತ್ತಿದ್ದಾರೆ ಕಣೇ. ಹೆಸರು, ಪಾಸ್‌ವರ್ಡ್ ಎರಡೂ ಕೊಟ್ಟಿದ್ದಾರೆ. ಕಳ್ಳ ಆಗಲೇ ಖಾತೆಯೊಳಗೆ ಕೂತು ತನ್ನ ಹೆಸರು ಸೇರಿಸ್ತಿದ್ದಾನೆ. ಒಟಿಪಿ ಒಂದು ಬಾಕಿ."

"ಫೋನ್ ಮಾಡು ಮತ್ತೆ!"

ಅವಳು ಫೋನನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತಾ ಕೂತಳು. ಅದರಲ್ಲಿ ನಿನ್ನ ಅಕ್ಕನ ದುಡ್ಡೂ ಇದೆ ಎಂದು ನಾನು ಹೇಳಿದ ಮೇಲೇ ಕೈಗೆತ್ತಿಕೊಂಡದ್ದು. ಆಗಲೂ ಭಾವನಿಗೆ ಮಾಡಲಿಲ್ಲ. ಅಕ್ಕನಿಗೆ ಮಾಡಿದಳು.

"ಅಕ್ಕಾ, ಭಾವ ಎಲ್ಲಿ?"

"ಒಳಗೆ ಬಾಗಿಲು ಹಾಕ್ಕೊಂಡಿದ್ದಾರೆ ಕಣೇ. ಮುಖ ಬೆವರಿತ್ತು, ಹುಷಾರಿಲ್ವೇನೋ."

"ಬಾಗಿಲು ತೆಗೆಸು. ಸ್ಪೀಕರಿಗೆ ಹಾಕು... ಭಾವ, ಒಟಿಪಿ ಹಾಕಿದ್ರಾ?"

"ಯಾವ ಒಟಿಪಿ? ಅದು ನನ್ನದಲ್ಲ ಅಂದ್ನಲ್ಲಮ್ಮ! ಸ್ಕ್ರೀನ್‌ಶಾಟೂ ಅವನ ಫೋನಿಂದೇ."

"ಹಾಗೋ. ಅವನದಾದ್ರೆ ಅವನು ಕಳ್ಕೊಳ್ಳಲಿ, ನಮಗೇನು. ಇಡ್ತೀನಿ."

"ಏ, ಇರಮ್ಮಾ, ಇರು, ಇರು!"

"ಹಾಕಿದ್ರಾ ಇಲ್ವಾ?"

"...ಇನ್ನೂ ಇಲ್ಲ. ಅದು ಕೇಳ್ತಾನೇ ಇದೆ. ಏನ್ ಮಾಡ್ಲಿ ಹೇಳು."

"ನಾನು ಹೇಳಲ್ಲ. ಪಕ್ಕದಲ್ಲೇ ನಿಂತಿದ್ದಾಳಲ್ಲ, ಅವಳನ್ನ ಕೇಳಿ. ಅವಳಿಗೆ ಎಲ್ಲಾ ಗೊತ್ತು."

ಇನ್ನು ಇವಳು ಕರೆ ಕಟ್ ಮಾಡಿಯೇ ಬಿಡುತ್ತಾಳೆ ಎಂದು ನನಗೆ ಭಯವಾಯಿತು. ಕೊನೆಗೆ ಭಾವನ ದನಿ ತೀರ ಸಣ್ಣಗೆ ಕೇಳಿತು. "ಏನೇ... ಏನ್ ಮಾಡ್ಬೇಕೇ ಈಗ?"

ಅಕ್ಕ ಆಟವಾಡಿಸಲಿಲ್ಲ. "ಒಟಿಪಿ ಎಲ್ಲೂ ಹಾಕ್ಬೇಡಿ. ಆ ಪುಟ ಮುಚ್ಚಿ. ಕಾರ್ಡ್ ತಗೊಳ್ಳಿ, ಹಿಂದೆ ನಂಬರ್ ಇದೆ ನೋಡಿ, ಅದಕ್ಕೆ ಮಾಡಿ. ಮೇಲ್‌ನಲ್ಲಿರೋ ನಂಬರಿಗಲ್ಲ! ಪಾಸ್‌ವರ್ಡ್ ಕಳ್ಳರ ಕೈಗೆ ಹೋಗಿದೆ, ಖಾತೆ ತಡೆಹಿಡೀರಿ ಅನ್ನಿ. ಆಮೇಲೆ ಹೊಸ ಪಾಸ್‌ವರ್ಡ್." ಓದಿ ಹೇಳಿದ ಹಾಗಿತ್ತು. ತನ್ನ ದುಡ್ಡು ಹೋದ ಮೇಲೆ ಅವಳು ತಂಗಿಯಿಂದ ಕಲಿತದ್ದು ಅದು. ಇಷ್ಟು ವರ್ಷ ಅವಳನ್ನು ಕೇಳಿದವರಿರಲಿಲ್ಲ.

ದುಡ್ಡು ಉಳಿಯಿತು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಗೆಳತಿ ಪ್ರಿಂಟರಿನ ಹತ್ತಿರ ನಿಂತಿದ್ದಳು.

ಮರುದಿನ ಭಾವನ ಅಣ್ಣತಮ್ಮಂದಿರು ಊಟಕ್ಕೆ ಬರುವವರಿದ್ದರು. ನನ್ನನ್ನೂ ಎಳೆದುಕೊಂಡು ಹೋದಳು. ಎಲ್ಲರೂ ಕೂತ ಮೇಲೆ, ದೊಡ್ಡದಾಗಿ ಅಚ್ಚು ಹಾಕಿಸಿದ ಆ ಸ್ಕ್ರೀನ್‌ಶಾಟನ್ನು ತಟ್ಟೆಗಳ ನಡುವೆ ಹರಡಿದಳು.

"ಭಾವ, ಇದರಲ್ಲಿ ಮೋಸದ ಗುರುತು ಎಲ್ಲೆಲ್ಲಿದೆ, ಇವರಿಗೆ ತೋರಿಸಿ."

"ಈಗ ಯಾಕಮ್ಮ ಅದು, ಊಟ ಮಾಡೋಣ."

"ಊಟ ಎಲ್ಲಿ ಓಡಿಹೋಗುತ್ತೆ? ನೀವು ತೋರಿಸದಿದ್ರೆ ನಾನು ತೋರಿಸ್ತೀನಿ. ಮೇಲಿಂದ ಶುರು ಮಾಡ್ತೀನಿ."

ಮೇಲೆ ಏನಿದೆ ಎಂದು ಅವನಿಗೆ ಗೊತ್ತಿತ್ತು. ಬೆರಳಿಟ್ಟು ಕೆಳಗಿನಿಂದ ಶುರು ಮಾಡಿದ. ಗುಂಡಿ. ಗಡುವು. ಪ್ರಿಯ ಗ್ರಾಹಕರೇ. ವಿಳಾಸದ ಬಾಲ. ದನಿ ಒಂದೊಂದಕ್ಕೂ ಇಳಿಯುತ್ತಾ ಹೋಯಿತು. ತಮ್ಮನೊಬ್ಬ ಬಗ್ಗಿ ನೋಡಿ, "ಮೇಲೆ ಇದೇನಣ್ಣ, ಒಟಿಪಿ? ಇದು ನಿನ್ನ ಫೋನಾ?" ಎಂದ. ಯಾರೋ ಕಿಸಕ್ಕೆಂದರು. ಭಾವ ತಲೆ ಎತ್ತಲಿಲ್ಲ.

ಅವಳು ನಿಲ್ಲಿಸಲಿಲ್ಲ. "ಅಕ್ಕ ಒತ್ತಿದ್ದು ಒಂದು ಸಲ, ಮೂರು ವರ್ಷ ಕ್ಲಿಕ್ಕಮ್ಮ ಅನ್ನಿಸ್ಕೊಂಡಳು. ನಿಮ್ಮದು ಇವತ್ತಷ್ಟೇ ಶುರು, ಭಾವ. ಅವಳ ದುಡ್ಡು ಅವಳಿಗೆ ಕೊಡೋವರೆಗೂ ಈ ಚಿತ್ರ ಪ್ರತಿ ಭಾನುವಾರ ಬರುತ್ತೆ."

ಸಾಕು ಅನ್ನು ಎಂದು ಅಕ್ಕನ ಕಡೆ ನೋಡಿದೆ. ಅಕ್ಕ ಅನ್ನಲಿಲ್ಲ. ಇನ್ನೊಂದು ಕುರ್ಚಿ ಎಳೆದುಕೊಂಡು, ಮದುವೆಯಾದ ಮೇಲೆ ಮೊದಲ ಸಲವೋ ಏನೋ, ಗಂಡಸರ ಜೊತೆ ಊಟಕ್ಕೆ ಕೂತಳು. "ಸಾರು ಈ ಕಡೆ ಕೊಡಿ" ಎಂದು ಗಂಡನಿಗೆ ಹೇಳಿದಳು. ಅವನು ಕೊಟ್ಟ.

ಎರಡನೆಯ ಭಾನುವಾರ ಬರುವಷ್ಟರಲ್ಲಿ ಅಕ್ಕನ ಹೆಸರಲ್ಲಿ ಖಾತೆ ತೆರೆದಾಗಿತ್ತು. ಹೊಲಿಗೆಯ ದುಡ್ಡು ಅದಕ್ಕೇ ಬೀಳುತ್ತದೆ. ಅದರ ಪಾಸ್‌ವರ್ಡ್ ತಂಗಿಗೂ ಹೇಳಲಿಲ್ಲವಂತೆ. ಅದನ್ನು ಹೇಳುವಾಗ ಗೆಳತಿಗೆ ಹೆಮ್ಮೆ ತಡೆಯಲಾಗುತ್ತಿರಲಿಲ್ಲ.

ಈ ವರ್ಷ ಆಸ್ಪತ್ರೆಯಲ್ಲಿ, ಅವಳಿಗೆ ಮಾತಾಡುವ ಶಕ್ತಿ ಇನ್ನೂ ಇದ್ದಾಗ, ಭಾವ ಹಣ್ಣು ತಂದು ಬಾಗಿಲಲ್ಲಿ ನಿಂತು ಹೋದ. ಅವನು ಹೋದ ಮೇಲೆ ನಾನು ಕೇಳಿದೆ: "ಅವತ್ತು ಅಷ್ಟು ಮಾಡಬಾರದಿತ್ತು ಅಂತ ಯಾವಾಗಲಾದರೂ ಅನ್ನಿಸಿತ್ತಾ?"

ಕಣ್ಣು ಮುಚ್ಚಿಕೊಂಡೇ ಯೋಚಿಸಿದಳು.

"ಅವರ ಆಫೀಸಿಗೂ ಒಂದು ಪ್ರತಿ ಕಳಿಸಬೇಕಿತ್ತು" ಎಂದಳು.