ಅರವತ್ತೇಳಕ್ಕೆ ಒಂಬತ್ತು

ಪೀಣ್ಯ ಎರಡನೇ ಹಂತದಲ್ಲಿ ವಾಲ್ವ್ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಿದೆ. ಅಲ್ಲಿ ಲೇತ್‌ನಿಂದ ಇಳಿದ ಪ್ರತಿಯೊಂದು ಪೀಸೂ ಕ್ವಾಲಿಟಿ ಇನ್‌ಸ್ಪೆಕ್ಟರ್ ಮುನೀಂದ್ರ ಅವರ ಮೇಜು ದಾಟಿಯೇ ಹೊರಲೋಕ ಕಾಣಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಕೆಂಪು ಚೀಟಿ ಬೀಳುತ್ತಿತ್ತು. ಈ ಗುಣ ಕಾರ್ಖಾನೆಯ ಗೇಟಿನಲ್ಲಿ ಕಳಚಿಟ್ಟು ಬರುವಂಥದ್ದಲ್ಲ. ಮನೆಯಲ್ಲಿ ದೋಸೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಿದ್ದರು. ಮದುವೆಗೆ ಹೋದರೆ ವಧೂವರರನ್ನು ಹರಸುವ ಮೊದಲು ಮಂಟಪದ ಕಂಬ ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ಅಳೆಯುತ್ತಿದ್ದರು. ಹೆಂಡತಿ ಅಮ್ಮಣ್ಣಿ ಮಾತ್ರ ಇಪ್ಪತ್ತು ವರ್ಷಗಳಿಂದ ಆ ಮೇಜಿನ ಮುಂದೆ ಪಾಸಾಗುತ್ತಲೂ ಇರಲಿಲ್ಲ, ವಾಪಸೂ ಹೋಗುತ್ತಿರಲಿಲ್ಲ.

ಇಷ್ಟು ಕಟ್ಟುನಿಟ್ಟಿನ ಮನುಷ್ಯ ಕುಡಿತದ ವಿಷಯದಲ್ಲಿ ಮಾತ್ರ ಅಳತೆಗೋಲನ್ನು ಪಕ್ಕಕ್ಕಿಟ್ಟಿದ್ದರು. "ಸಂಜೆ ಸ್ವಲ್ಪ" ಎನ್ನುವುದು ಅವರ ಲೆಕ್ಕ. ಆ ಸ್ವಲ್ಪ ವರ್ಷದಿಂದ ವರ್ಷಕ್ಕೆ ಬೆಳೆದು, ಬೆಳಗಿನ ಹೊತ್ತು ಕೈಗೆ ನಡುಕ ತಂದಿತು. ಒಂದು ದಿನ ಲೇತ್ ಆಪರೇಟರ್ ಮಲ್ಲಿಕ್‌ನ ಪೀಸನ್ನು ಅವರು ಮೂರು ಸಲ ಅಳೆದು ಮೂರು ಸಲವೂ ಬೇರೆ ಬೇರೆ ಅಳತೆ ಹೇಳಿದಾಗ ಅವನು ಮೆಲ್ಲಗೆ ಅಂದ: "ಸಾರ್, ಬೇಜಾರ್ ಮಾಡ್ಕೋಬೇಡಿ. ಪೀಸ್ ಸುಮ್ನೆ ಕೂತಿದೆ, ಮೈಕ್ರೋಮೀಟರ್ ಡ್ಯಾನ್ಸ್ ಮಾಡ್ತಿದೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಮುನೀಂದ್ರ ಬಯ್ದು ಮುಗಿಸುತ್ತಿದ್ದರು. ಎಲ್ಲರೂ ಬೇರೆ ಕಡೆ ನೋಡಿದ್ದನ್ನು ಅವರಿಗೆ ತಡೆದುಕೊಳ್ಳಲಾಗಲಿಲ್ಲ. ಸಂಜೆ ಮನೆಗೆ ಬಂದು, "ನಾಳೆಯಿಂದ ಬಿಟ್ಟೆ" ಎಂದು ಘೋಷಿಸಿ, ಆ ಘೋಷಣೆಯ ಗೌರವಾರ್ಥ ಕೊನೆಯದೊಂದನ್ನು ಕುಡಿದರು.

ಅಮ್ಮಣ್ಣಿಗೆ ಸಂತೋಷವಾಗಬೇಕಿತ್ತು. ಆದರೆ ಅವರು ರಾತ್ರಿಯಿಡೀ ಹೊರಳಾಡಿ, ಬೆಳಗಾಗುತ್ತಲೇ ಬೀದಿಯ ಕೊನೆಯ ಕ್ಲಿನಿಕ್ಕಿನ ಡಾಕ್ಟರರನ್ನು ಕೇಳಿ ಬಂದರು. ಡಾಕ್ಟರು, "ದಿನಾ ಕುಡಿಯೋರು ಮನೇಲಿ ತಾವೇ ಏಕಾಏಕಿ ನಿಲ್ಲಿಸಬಾರದು, ಮೊದಲು ವ್ಯಸನಮುಕ್ತಿ ಕೇಂದ್ರಕ್ಕೆ ತೋರಿಸಿ" ಎಂದಿದ್ದರು. ಹಾಗಾಗಿ ಹನ್ನೊಂದು ಗಂಟೆಗೆ ಗಂಡ ಹೆಂಡತಿ ದಾಸರಹಳ್ಳಿಯಲ್ಲಿ, ಮೆಟ್ರೋ ಕಂಬಗಳ ಆಚೆಗಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಕುಳಿತಿದ್ದರು. ಮುನೀಂದ್ರ ಟಿಫಿನ್ ಡಬ್ಬಿ ಸಹಿತ ಬಂದಿದ್ದರು. ಮಾತ್ರೆ ಬರೆಸಿಕೊಂಡು ಎರಡನೇ ಶಿಫ್ಟಿಗೆ ಹೋಗುವ ಯೋಜನೆ.

ಅಲ್ಲಿ ಹೊಸಬರ ವಿವರ ಬರೆದುಕೊಳ್ಳುವವರು ಉಮಾಶ್ರೀ ಎಂಬ ಸಮಾಜ ಕಾರ್ಯಕರ್ತೆ. ಅವರು ಫಾರಂ ಮುಂದಿಟ್ಟುಕೊಂಡು ಕೇಳಿದರು: "ಕೊನೇ ಸಲ ಕುಡಿದಿದ್ದು ಯಾವಾಗ ಸಾರ್?"

"ನಿನ್ನೆ ರಾತ್ರಿ ಎಂಟು."

"ದಿನಕ್ಕೆ ಎಷ್ಟು?"

"ಸ್ವಲ್ಪ."

ಉಮಾಶ್ರೀ ಪೆನ್ನು ಎತ್ತಿ ಹಿಡಿದು ಕಾದರು. ಅಳತೆ ಬರೆಯದೆ ಬಿಟ್ಟ ರಿಪೋರ್ಟನ್ನು ತಾನೇ ಎಷ್ಟು ಸಲ ವಾಪಸು ಕಳಿಸಿಲ್ಲ ಎಂದು ಮುನೀಂದ್ರರಿಗೆ ನೆನಪಾಗಿರಬೇಕು. "ಎರಡು ಕ್ವಾರ್ಟರ್" ಎಂದರು. ಅಮ್ಮಣ್ಣಿ ಸೀರೆಯ ಅಂಚನ್ನು ನೋಡುತ್ತಿದ್ದರು. "ಹಬ್ಬ ಹುಣ್ಣಿಮೇಲಿ ಜಾಸ್ತಿ" ಎಂದು ಮುನೀಂದ್ರ ಸೇರಿಸಿದರು.

"ಮನೆಯವರ ಹತ್ರಾನೂ ಕೆಲವು ವಿಷಯ ಕೇಳ್ತೀವಿ. ನಿಮ್ಮ ಒಪ್ಪಿಗೆ ಇದೆಯಾ?"

"ಧಾರಾಳವಾಗಿ ಕೇಳಿ ಮೇಡಂ. ನಮ್ಮನೆಯವಳು ಸುಳ್ಳು ಹೇಳೋಳಲ್ಲ."

ನಂತರ ನರ್ಸು ಬಂದು ಅಂಕ ಹಾಕುವ ಹಾಳೆ ತೆಗೆದರು. ಕುಡಿತ ನಿಲ್ಲಿಸಿದಾಗ ದೇಹ ಎಷ್ಟು ತಕರಾರು ಮಾಡುತ್ತಿದೆ ಎಂದು ಅಳೆಯುವ ಹಾಳೆ ಅದು. ವಾಕರಿಕೆ, ಬೆವರು, ಚಡಪಡಿಕೆ, ತಲೆನೋವು, ಇಲ್ಲದ್ದು ಕಾಣುವುದು, ಇಲ್ಲದ್ದು ಕೇಳುವುದು, ಹೀಗೆ ಹತ್ತು ಬಾಬ್ತು. ಇವತ್ತು ಯಾವ ದಿನ ಎಂದು ಕೇಳಿದಾಗ ಮುನೀಂದ್ರ ತಾರೀಖು, ತಿಂಗಳು, ತಿಥಿ ಸಮೇತ ಹೇಳಿದರು. "ಕೈ ಮುಂದೆ ಚಾಚಿ, ಬೆರಳು ಅಗಲಿಸಿ" ಎಂದಾಗ ಟಿಫಿನ್ ಡಬ್ಬಿ ಪಕ್ಕಕ್ಕಿಟ್ಟು ಚಾಚಿದರು. ಇಪ್ಪತ್ತಾರು ವರ್ಷ ಅಳೆದ ಕೈಗಳು ಗಾಳಿಗೆ ಸಿಕ್ಕ ಅರಳಿ ಎಲೆಯ ಹಾಗೆ ಅದುರಿದವು.

"ಒಟ್ಟು ಒಂಬತ್ತು" ಎಂದರು ನರ್ಸು.

"ಎಷ್ಟಕ್ಕೆ?"

"ಅರವತ್ತೇಳಕ್ಕೆ. ಕಮ್ಮಿ ಇದ್ದಷ್ಟೂ ಒಳ್ಳೇದು."

ಮುನೀಂದ್ರ ಹೆಂಡತಿಯ ಕಡೆ ತಿರುಗಿದರು. ಮುಖದಲ್ಲಿ ಫಸ್ಟ್ ಕ್ಲಾಸ್ ಬಂದ ಕಳೆ. "ನೋಡ್ದಾ? ಅರವತ್ತೇಳಕ್ಕೆ ಒಂಬತ್ತು! ಸುಮ್ನೆ ಹೆದರಿಸಿ ಕರ್ಕೊಂಡ್ ಬಂದೆ."

"ಇದು ಈ ಹೊತ್ತಿನ ಅಂಕ ಅಷ್ಟೇ ಸಾರ್, ಮುಂದೆ ಏರಬಹುದು" ಎಂದು ಉಮಾಶ್ರೀ ಮುಂದಿನ ಪುಟ ತಿರುವಿದರು. "ಹಿಂದೆ ಏನಾಗಿತ್ತು ಅನ್ನೋದೂ ಮುಖ್ಯ. ಈ ಹಿಂದೆ ಯಾವಾಗಾದ್ರೂ ಪೂರ್ತಿ ಬಿಟ್ಟಿದ್ರಾ?"

ಇದಕ್ಕಾಗಿಯೇ ಮುನೀಂದ್ರ ಕಾಯುತ್ತಿದ್ದರು. ಕುರ್ಚಿಯಲ್ಲಿ ನೆಟ್ಟಗಾದರು. "ಪ್ರತಿ ವರ್ಷ! ಮಾಲೆ ಹಾಕಿದ್ರೆ ನಲವತ್ತೆಂಟು ದಿನ ಒಂದು ತೊಟ್ಟು ಮುಟ್ಟಲ್ಲ. ಅಯ್ಯಪ್ಪಸ್ವಾಮಿ ಆಣೆ. ಚಟ ಇರೋನಿಗೆ ಇದು ಆಗುತ್ತಾ, ನೀವೇ ಹೇಳಿ?"

"ಆಗ ಫಿಟ್ಸ್ ಬರೋದು, ಪ್ರಜ್ಞೆ ತಪ್ಪೋದು?"

"ಛೆ ಛೆ. ಹೋದ ವರ್ಷ ಏನಾಯ್ತು ಗೊತ್ತಾ ಮೇಡಂ? ಭಜನೆ ನಡೀತಿತ್ತು, ಸ್ವಾಮಿ ನನ್ನ ಮೈಮೇಲೆ ಬಂದುಬಿಟ್ರು! ಗುರುಸ್ವಾಮಿ ನಲ್ಲಪ್ಪನವರೇ ಬಂದು ಕಾಲಿಗೆ ಬಿದ್ರು. ಅವತ್ತಿಂದ ಭಜನೇಲಿ ನನಗೆ ಮೊದಲನೇ ಸಾಲು."

ಉಮಾಶ್ರೀ ನಗಲಿಲ್ಲ. "ಮಾಲೆ ಹಾಕಿ ಎಷ್ಟನೇ ದಿನ ಸಾರ್?"

"ಮಾರನೇ ದಿನ ಸಾಯಂಕಾಲ."

"ಆಗ ಏನೇನಾಯ್ತು, ನೆನಪಿದೆಯಾ?"

"ದೇವರು ಬಂದಾಗ ನೆನಪು ಎಲ್ಲಿರುತ್ತೆ ಮೇಡಂ?" ಎಂದರು ಮುನೀಂದ್ರ, ಇಷ್ಟೂ ಗೊತ್ತಿಲ್ಲವೇ ಎಂಬಂತೆ. "ಇವಳು ನೋಡಿದ್ದಾಳೆ. ಹೇಳು ಅಮ್ಮಣ್ಣಿ."

ಅಮ್ಮಣ್ಣಿ ಗಂಡನ ಮುಖ ನೋಡಿದರು. ಆ ಮುಖ ಬೆಳಗುತ್ತಿತ್ತು. "ನನಗೂ ಸರಿಯಾಗಿ ನೆನಪಿಲ್ಲ ಮೇಡಂ" ಎಂದರು.

ಸುಳ್ಳು ಹೇಳದವರ ಸುಳ್ಳು ಬೇಗ ಗೊತ್ತಾಗುತ್ತದೆ. ಉಮಾಶ್ರೀ ಮುನೀಂದ್ರರನ್ನು ಬಿ.ಪಿ. ನೋಡಿಸಿಕೊಳ್ಳಲು ಪಕ್ಕದ ಕೋಣೆಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಪೆನ್ನು ಕೆಳಗಿಟ್ಟರು.

"ಅಕ್ಕಾ, ಈ ಅಂಕ ನೋಡಿದ್ರೆ ಮಾತ್ರೆ ಕೊಟ್ಟು ಮನೆಗೆ ಕಳಿಸಬಹುದು ಅನ್ಸುತ್ತೆ. ಆದ್ರೆ ಹಿಂದೊಂದು ಸಲ ಬಿಟ್ಟಾಗ ಫಿಟ್ಸ್ ಬಂದಿದ್ರೆ ಈ ಸಲವೂ ಬರಬಹುದು, ಇನ್ನೂ ಜೋರಾಗೂ ಬರಬಹುದು. ಪ್ರಾಣಕ್ಕೇ ಅಪಾಯ. ಅದಕ್ಕೆ ಕೇಳ್ತಿದ್ದೀನಿ. ಅವತ್ತು ನಾಲಿಗೆ ಕಚ್ಕೊಂಡಿದ್ರಾ?"

ಅಮ್ಮಣ್ಣಿ ಬ್ಯಾಗಿನ ಜಿಪ್ಪನ್ನು ಎಳೆದು ಮುಚ್ಚಿದರು. ಆಮೇಲೆ ಒಂದೇ ಉಸಿರಿಗೆ ಹೇಳಿದರು. ಕಣ್ಣು ಮೇಲಾಗಿತ್ತು. ಕೈಕಾಲು ಅದುರುತ್ತಿತ್ತು. ತುಟಿಯ ಅಂಚಿನಲ್ಲಿ ರಕ್ತ. ಸುತ್ತ ಎಲ್ಲರೂ ಶರಣಂ ಕೂಗುತ್ತಿದ್ದರು, ಕರ್ಪೂರ ಹಚ್ಚುತ್ತಿದ್ದರು. ಕಪ್ಪು ಪಂಚೆ ಒದ್ದೆಯಾಗಿದ್ದು ಕಂಡದ್ದು ಅಮ್ಮಣ್ಣಿಗೆ ಮಾತ್ರ. ಶಾಲು ಹೊದಿಸಿ ಮನೆಗೆ ಕರೆತಂದು, ಪಂಚೆ ಒಗೆದು, ಯಾರಿಗೂ ಹೇಳಲಿಲ್ಲ.

"ನಮ್ಮಜ್ಜನಿಗೂ ಹಂಗೇ ಬರ್ತಿತ್ತು ಮೇಡಂ, ಅದಕ್ಕೇ ನಂಗೆ ಅವತ್ತೇ ಗೊತ್ತಾಯ್ತು. ಆದ್ರೆ ಎಚ್ಚರ ಆದ್ಮೇಲೆ ಎಲ್ರೂ ಸ್ವಾಮಿ ಬಂದ್ರು ಅಂದಾಗ ಅವ್ರ ಮುಖ ನೀವು ನೋಡ್ಬೇಕಿತ್ತು. ಈಗ ಆ ಖುಷೀನ ನಾನು ಹೆಂಗೆ ಕಿತ್ಕೊಳ್ಳಲಿ?"

"ನಾನು ಡಾಕ್ಟರಿಗೆ ಹೇಳಲೇಬೇಕು ಅಕ್ಕ. ನಿಮ್ಮ ಯಜಮಾನರಿಗೆ ಮಾತ್ರ ನೀವೇ ಹೇಳಿದ್ರೆ ಚೆನ್ನ. ನಮ್ಮ ಬಾಯಿಂದ ಕೇಳೋದಕ್ಕಿಂತ ನಿಮ್ಮ ಬಾಯಿಂದ ಕೇಳೋದು ಮೇಲು."

ಹೊರಗಿನ ಬೆಂಚಿನ ಮೇಲೆ ಮುನೀಂದ್ರ ಎದುರಿನ ಗೋಡೆಯ ಕ್ಯಾಲೆಂಡರ್ ಸೊಟ್ಟಗಿರುವುದನ್ನು ಕಂಡು ಕಸಿವಿಸಿಗೊಂಡಿದ್ದರು. ಅಮ್ಮಣ್ಣಿ ಪಕ್ಕದಲ್ಲಿ ಕುಳಿತು, ಗೋಡೆಯನ್ನೇ ನೋಡುತ್ತ, ಎಲ್ಲವನ್ನೂ ಹೇಳಿದರು. ಪಂಚೆಯ ವಿಷಯವನ್ನು ಕೊನೆಗೆ ಹೇಳಿದರು.

ಮುನೀಂದ್ರ ಎದ್ದು ಹೋಗಬಹುದಿತ್ತು. ಟಿಫಿನ್ ಡಬ್ಬಿಯ ಹಿಡಿಯ ಮೇಲೆ ಕೈ ಹೋಗಿಯೂ ಇತ್ತು. ಡಬ್ಬಿ ಗಲಗಲ ಎಂದಿತು, ಅವರು ಕೈ ತೆಗೆದರು.

"ನಲ್ಲಪ್ಪನವರು ಕಾಲಿಗೆ ಬಿದ್ದಿದ್ರಲ್ಲೇ" ಎಂದರು.

"ಹೂಂ."

"ನೀನು ಬೀಳಲಿಲ್ಲ."

"ನಿಮ್ಮ ತಲೆ ನನ್ನ ತೊಡೆ ಮೇಲಿತ್ತು ಕಣ್ರೀ. ಹೆಂಗೆ ಬೀಳ್ಲಿ?"

ಮುನೀಂದ್ರ ಕ್ಯಾಲೆಂಡರಿನ ಕಡೆ ನೋಡುತ್ತಲೇ ಇದ್ದರು. "ಒಂದು ವರ್ಷ ಗೊತ್ತಿದ್ದೂ ಒಂದು ಮಾತು ಆಡ್ಲಿಲ್ಲವಲ್ಲ."

"ಅವತ್ತಿಂದ ಒಂದು ತಿಂಗಳು ನೀವು ದೋಸೆ ಲೈಟಿಗೆ ಹಿಡೀಲಿಲ್ಲ. ಬಿಸಿ ಬಿಸಿ ತಿಂದು ಚೆನ್ನಾಗಿದೆ ಅಂದ್ರಿ. ನಂಗೂ ಆಸೆ ಇರಲ್ವಾ?"

ಮುನೀಂದ್ರ ಎದ್ದು ಒಳಗೆ ಹೋದರು. "ಮೇಡಂ, ಆಗಲೇ ಫಿಟ್ಸ್ ಇಲ್ಲ ಅಂದೆನಲ್ಲ, ತಿದ್ದಿ. ತಿದ್ದಿದ ಕಡೆ ನಾನು ಸೈನ್ ಹಾಕ್ತೀನಿ. ಇಲ್ದಿದ್ರೆ ರಿಪೋರ್ಟ್ ನಿಲ್ಲಲ್ಲ."

"ಅಲ್ಲಿ ನಿಮ್ಮ ಸೈನ್ ಬೇಡ ಸಾರ್" ಎಂದರು ಉಮಾಶ್ರೀ. "ನೀವಾಗಿ ದಾಖಲಾಗ್ತೀನಿ ಅನ್ನೋ ಕಡೆ ಹಾಕಿ, ಸಾಕು."

ಡಾಕ್ಟರ್ ಸಿದ್ಧಾರ್ಥ್ ಬಂದು ಇನ್ನೊಮ್ಮೆ ಪರೀಕ್ಷೆ ಮಾಡಿದರು. ಅಂಕ ಒಂಬತ್ತೇ ಇದ್ದರೂ ಹಿಂದೆ ಫಿಟ್ಸ್ ಬಂದದ್ದರಿಂದ ಮನೆಗೆ ಕಳಿಸುವ ಹಾಗಿಲ್ಲ, ಕೆಲವು ದಿನ ಇಲ್ಲೇ ಇರಬೇಕು, ನಡುಕ ಮತ್ತು ಫಿಟ್ಸ್ ತಡೆಯಲು ಮಾತ್ರೆ ಕೊಟ್ಟು ಆಮೇಲೆ ಹಂತ ಹಂತವಾಗಿ ಇಳಿಸುತ್ತೇವೆ, ಜೊತೆಗೆ ವಿಟಮಿನ್ ಇಂಜೆಕ್ಷನ್ ಎಂದರು. ಮುನೀಂದ್ರ ಸಹಿ ಹಾಕಿದರು. ಅದು ಬೇರೆ ಯಾರದೋ ಸಹಿಯಂತಿತ್ತು. ಅವರೇ ಇನ್‌ಸ್ಪೆಕ್ಟರಾಗಿದ್ದರೆ ಖಂಡಿತ ವಾಪಸಾಗುತ್ತಿತ್ತು.

ಫಾರಂನ ಕೊನೆಯ ಭಾಗ ಮನೆಯವರದು. ಜೊತೆಗೆ ಯಾರಿರುತ್ತಾರೆ, ಮನೆಯಲ್ಲಿ ಉಳಿದ ಬಾಟಲಿ ಯಾರು ತೆಗೆಯುತ್ತಾರೆ, ಬಿಡುಗಡೆಯಾದ ಮೇಲೆ ಮಾತ್ರೆ ಯಾರ ಕೈಯಲ್ಲಿ, ವಾರಕ್ಕೊಮ್ಮೆ ಮನೆಯವರ ಸಭೆಗೆ ಯಾರು ಬರುತ್ತಾರೆ. ಎಲ್ಲದಕ್ಕೂ ಅಮ್ಮಣ್ಣಿ "ನಾನೇ" ಎಂದರು. "ಬಾಟಲಿ ಎಲ್ಲೆಲ್ಲಿದೆ ಅನ್ನೋದು ಗೊತ್ತಾ?" ಎಂದು ಉಮಾಶ್ರೀ ಕೇಳಿದ್ದಕ್ಕೆ, "ಅಕ್ಕಿ ಡ್ರಮ್ಮು, ಸ್ಕೂಟರ್ ಡಿಕ್ಕಿ" ಎಂದು ಅಮ್ಮಣ್ಣಿ ಎಣಿಸಿದರು. ಮುನೀಂದ್ರ ಕೆಮ್ಮಿ, "ನೀರಿನ ಟ್ಯಾಂಕ್ ಹಿಂದೆ ಒಂದು" ಎಂದು ಪಟ್ಟಿ ಪೂರ್ತಿ ಮಾಡಿದರು.

ಸಂಜೆ ವಾರ್ಡಿನಲ್ಲಿ ಟಿಫಿನ್ ಡಬ್ಬಿಯ ಚಿತ್ರಾನ್ನವನ್ನು ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದಾಗ ಗುರುಸ್ವಾಮಿ ನಲ್ಲಪ್ಪನವರ ಫೋನು ಬಂತು. ಅಮ್ಮಣ್ಣಿ ತಾವೇ ಏನಾದರೂ ಹೇಳಿ ಮುಗಿಸೋಣ ಎಂದು ಎತ್ತಿಕೊಂಡರು. ಮುನೀಂದ್ರ ಕೈ ಚಾಚಿ ಕೇಳಿ ತೆಗೆದುಕೊಂಡರು.

"ಗುರುಸ್ವಾಮಿ, ನಾನು ಆಸ್ಪತ್ರೇಲಿದ್ದೀನಿ. ಕುಡಿಯೋದು ಬಿಡೋಕೆ... ಹೌದು, ಹೋದ ವರ್ಷ ನಂಗೆ ಬಂದಿದ್ದು ಫಿಟ್ಸ್ ಅಂತೆ."

ಆ ಕಡೆಯಿಂದ ನಲ್ಲಪ್ಪನವರು ಬಹಳ ಹೊತ್ತು ಏನೋ ಹೇಳಿದರು. ಮುನೀಂದ್ರ ಹೂಂಗುಟ್ಟುತ್ತ ಕೇಳಿದರು.

"ಅದು ನಿಮ್ಮ ದೊಡ್ಡತನ ಗುರುಸ್ವಾಮಿ. ಭಜನೆಗೆ ಬರ್ತೀನಿ, ಖಂಡಿತ ಬರ್ತೀನಿ. ಆದ್ರೆ ಮೊದಲನೇ ಸಾಲು ಬೇಡ. ಹಿಂದೆ, ಚಪ್ಪಲಿ ಬಿಡೋ ಕಡೆ ಒಂದು ಜಾಗ ಇಟ್ಟಿರಿ. ನಮ್ಮನೆಯವಳು ಅಲ್ಲೇ ಕೂರೋದು."

ಅಷ್ಟರಲ್ಲಿ ನರ್ಸು ಮತ್ತೆ ಅಂಕದ ಹಾಳೆ ಹಿಡಿದು ಬಂದು, "ಕೈ ಚಾಚಿ ಸಾರ್" ಎಂದರು. ಮುನೀಂದ್ರ ಫೋನನ್ನು ಹೆಂಡತಿಗೆ ಕೊಟ್ಟು ಎರಡೂ ಕೈ ಚಾಚಿದರು. ನಡುಕ ಇನ್ನೂ ಇತ್ತು. ಈ ಸಲ ಅವರು ಎಷ್ಟಕ್ಕೆ ಎಷ್ಟು ಎಂದು ಕೇಳಲಿಲ್ಲ. ಬೆರಳಿಗೆ ಅಂಟಿದ್ದ ಚಿತ್ರಾನ್ನದ ಅಗುಳನ್ನು ಅಮ್ಮಣ್ಣಿ ಒರೆಸುವವರೆಗೂ ಕೈಯನ್ನು ಹಾಗೆಯೇ ಹಿಡಿದುಕೊಂಡಿದ್ದರು.