ಎರಡಕ್ಷರದ ‘ಬೇಡ’

ಅಪ್ಪನ ವಸಡಿನಲ್ಲಿ ರಕ್ತ ಕಾಣಿಸತೊಡಗಿದ ವಾರದಿಂದ ನನಗೆ ಬೆಳಗ್ಗೆ ಬಚ್ಚಲಿನ ಕಡೆ ನೋಡಲಿಕ್ಕೇ ಹೆದರಿಕೆ. ಹಲ್ಲುಜ್ಜಿ ಉಗುಳಿದ ನೀರು ತಿಳಿ ಕೆಂಪಾಗಿರುತ್ತಿತ್ತು. ಹೃದಯದ ಕವಾಟ ಬದಲಾಯಿಸಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಅವರು ದಿನಾ ಸಂಜೆ ಒಂದು ಮಾತ್ರೆ ತೆಗೆದುಕೊಳ್ಳುತ್ತಾರೆ. ಅದು ಕಡಿಮೆಯಾದರೂ ಅಪಾಯ, ಹೆಚ್ಚಾದರೂ ಅಪಾಯ. ಹಾಗಾಗಿ ಆಗಾಗ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರರು ಹೇಳಿದಷ್ಟೇ ಕೊಡಬೇಕು.

ರಕ್ತ ತೆಗೆಯಲು ಮನೆಗೆ ಬರುತ್ತಿದ್ದವಳು ಬದಿಯಡ್ಕ ಕಡೆಯ ಒಂದು ಸಣ್ಣ ಕ್ಲಿನಿಕ್ಕಿನ ನರ್ಸ್. ಅವಳ ಊರು ದಕ್ಷಿಣ ಕೇರಳ; ನಮ್ಮದು ಕೇರಳದ ಗಡಿಯ ಕನ್ನಡ ಊರು. ಇಲ್ಲಿಗೆ ಬಂದಾಗ ಅವಳಿಗೆ ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಮಲೆಯಾಳ ತಿಳಿಯದ ಮುದುಕರ ಹತ್ತಿರ ಎಲ್ಲಿ ನೋವು ಎಂದು ಕೇಳಲಾದರೂ ಗೊತ್ತಿರಬೇಕೆಂದು, ಶಾಲೆಯಲ್ಲಿ ಕನ್ನಡ ಕಲಿಸುವ ನನ್ನ ಹತ್ತಿರ ಭಾನುವಾರ ಬಂದು ಕೂರುತ್ತಿದ್ದಳು. ಮಾತು ಬೇಗ ಬಂತು. ಅಕ್ಷರ ತಡವಾಯಿತು. ಹಾಗಾಗಿ ವಾಟ್ಸಾಪಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಿದ್ದಳು. ಕ್ಲಿನಿಕ್ಕಿನ ಹುಡುಗಿಯರ ಗುಂಪಿನಿಂದ ಅವಳಿಗೆ ಇನ್ನೊಂದು ಕನ್ನಡ ಸಿಕ್ಕಿತ್ತು: ಸ್ವರಗಳೆಲ್ಲ ಉದುರಿ ಹೋದ ಕನ್ನಡ. ಬೇಕು ಎಂದರೆ bk, ಬೇಡ ಎಂದರೆ bd.

“ಟೀಚರ್, ನೀವು ಕಲಿಸುವ ಹಾಗೆ ಯಾರೂ ಮೆಸೇಜ್ ಮಾಡುವುದಿಲ್ಲ,” ಎಂದು ಒಮ್ಮೆ ನಕ್ಕಿದ್ದಳು.

“ಗೆಳತಿಯರಿಗೆ ಹೇಗೂ ಬರಿ. ಹಿರಿಯರಿಗೆ, ಕೆಲಸದ ವಿಷಯಕ್ಕೆ ಪೂರ್ತಿ ಬರಿ. ನಮ್ಮ ಅಪ್ಪನಿಗೆ ಮೊನ್ನೆ ‘ಎಂತ ಮಾಡ್ತಿ ಮಾರಾಯ’ ಅಂತ ಕಳಿಸಿದ್ದಿಯಲ್ಲ,” ಎಂದಿದ್ದೆ ನಾನು. ನನ್ನ ತಲೆಯಲ್ಲಿ ಇದ್ದದ್ದು ಮರ್ಯಾದೆಯ ವಿಷಯ ಮಾತ್ರ. ಅಪ್ಪ ಆ ಮೆಸೇಜನ್ನು ಮನೆಗೆ ಬಂದವರಿಗೆಲ್ಲ ತೋರಿಸಿ ನಕ್ಕಿದ್ದರು.

ವಸಡಿನ ರಕ್ತದ ಸುದ್ದಿ ಕೇಳಿ ಅವಳು ಬಂದು ರಕ್ತ ತೆಗೆದುಕೊಂಡು ಹೋದಳು. ಮರುದಿನ ನನಗೆ ಪರೀಕ್ಷೆಯ ಡ್ಯೂಟಿ. ಫೋನ್ ಆಫ್ ಮಾಡಿ ಆಫೀಸಿನಲ್ಲಿ ಕೊಟ್ಟು ಹೋಗಬೇಕು. ಸಂಜೆ ಬಸ್ಸು ಹತ್ತಿ ಫೋನ್ ತೆರೆದಾಗ ಅವಳ ಮೆಸೇಜ್ ಇತ್ತು:

“Appana test bantu. Jasti untu. Aa tab ivattu nale bd. Nadiddu matte test.”

ಕೆಳಗೆ, ನನ್ನ ಫೋನ್ ಸಿಗದ ಕಾರಣ ಮನೆಯಲ್ಲಿದ್ದ ನನ್ನ ಅತ್ತಿಗೆಗೂ ಇದನ್ನೇ ಕಳಿಸಿದ್ದಾಗಿ ಬರೆದಿದ್ದಳು. ರಕ್ತ ಬೇಕಾದ್ದಕ್ಕಿಂತ ಹೆಚ್ಚು ತೆಳುವಾಗಿದೆ, ಇವತ್ತು ನಾಳೆ ಮಾತ್ರೆ ಬೇಡ, ನಾಡಿದ್ದು ಪುನಃ ಪರೀಕ್ಷೆ. ನನಗೆ ಸ್ಪಷ್ಟವಾಗಿಯೇ ಅರ್ಥವಾಯಿತು. ಡಾಕ್ಟರರು ನೋಡಿದ್ದಾರಲ್ಲ ಎಂಬ ಸಮಾಧಾನದಲ್ಲಿ ಕಿಟಕಿಗೆ ತಲೆ ಒರಗಿಸಿದೆ.

ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ಕೂತಿದ್ದರು. “ಇವತ್ತಿನಿಂದ ನನಗೆ ಮಾತ್ರೆ ಎರಡು,” ಎಂದರು.

“ಯಾವ ಮಾತ್ರೆ?”

“ಅದೇ. ಮಧ್ಯಾಹ್ನ ಒಂದು, ಈಗ ಒಂದು.”

ಅತ್ತಿಗೆ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಅಣ್ಣ ಕೊಲ್ಲಿ ದೇಶದಲ್ಲಿ ಕೆಲಸಕ್ಕಿರುವುದರಿಂದ ಅಪ್ಪನ ಮಾತ್ರೆ, ಪಥ್ಯ ಎಲ್ಲ ಅವಳ ಕೈಯಲ್ಲೇ. ಒಂದು ದಿನವೂ ಮರೆತವಳಲ್ಲ.

“ಸಿಸ್ಟರ್ ಬರೆದದ್ದು ಹಾಗೆಯೇ ಅಲ್ವಾ?” ಎಂದು ಫೋನ್ ತೋರಿಸಿದಳು. “‘ಬಿ.ಡಿ.’ ಅಂದರೆ ದಿನಕ್ಕೆ ಎರಡು ಸಲ. ನನ್ನ ಅಮ್ಮನ ಮದ್ದಿನ ಚೀಟಿಯಲ್ಲಿ ಡಾಕ್ಟರರು ಯಾವಾಗಲೂ ಹಾಗೆ ಬರೆಯುತ್ತಿದ್ದರು. ಮೆಡಿಕಲಿನವನೇ ಹೇಳಿಕೊಟ್ಟದ್ದು.”

“ಅತ್ತಿಗೆ, ಜಾಸ್ತಿ ಉಂಟು ಅಂತ ಬರೆದಿದ್ದಾಳಲ್ಲ?”

“ಅದಕ್ಕೇ ಎರಡು ಅಂದುಕೊಂಡೆ. ಶುಗರ್ ಜಾಸ್ತಿಯಾದರೆ ಮಾತ್ರೆ ಜಾಸ್ತಿ ಕೊಡುವುದಿಲ್ಲವಾ?”

ಅವಳು ಹೇಳಿದ್ದರಲ್ಲಿ ಹುಡುಕಿದರೂ ನನಗೆ ತಪ್ಪು ಸಿಗಲಿಲ್ಲ. ಡಾಕ್ಟರರ ಚೀಟಿಯಲ್ಲಿ ಆ ಎರಡಕ್ಷರಕ್ಕೆ ಅರ್ಥ ಅದೇ. ಅದು ‘ಬೇಡ’ ಎಂದು ಅತ್ತಿಗೆ ಹೇಗೆ ಊಹಿಸಬೇಕಿತ್ತು? ನಾನು ವಿಷಯ ಹೇಳಿದಾಗ ಅವಳು ಒಳಗೆ ಓಡಿ ಮಾತ್ರೆಯ ಡಬ್ಬಿ ತಂದು ಉಳಿದದ್ದನ್ನು ಎಣಿಸತೊಡಗಿದಳು.

ಸಿಸ್ಟರಿಗೆ ಫೋನ್ ಮಾಡಿದೆ. ಕೇಳಿದ್ದೇ ಅವಳು ಕನ್ನಡ ಬಿಟ್ಟು ಮಲೆಯಾಳದಲ್ಲೇ ಮಾತಾಡಿದಳು: ಎರಡು ಮಾತ್ರೆಯೂ ಹೊಟ್ಟೆಗೆ ಹೋಗಿದೆಯಾ? ತಲೆನೋವು ಉಂಟಾ? ಬಿದ್ದದ್ದುಂಟಾ? ಈಗಲೇ ಆಸ್ಪತ್ರೆಗೆ ಕರೆದುಕೊಂಡು ಬನ್ನಿ, ನಾನೂ ಬರುತ್ತೇನೆ, ಚೀಟಿಗಳೆಲ್ಲ ಕೈಯಲ್ಲಿರಲಿ.

ರಿಕ್ಷಾದಲ್ಲಿ ರಸ್ತೆಯ ಹೊಂಡಕ್ಕೆ ಚಕ್ರ ಇಳಿದಾಗಲೆಲ್ಲ ನನ್ನ ಕೈ ಅಪ್ಪನ ತಲೆಯ ಹಿಂದೆ ಹೋಗುತ್ತಿತ್ತು. ತಲೆ ಎಲ್ಲಿಗಾದರೂ ತಾಗಿದರೆ ಒಳಗೆ ರಕ್ತ ಹರಿಯಬಹುದು ಎಂದು ಹಿಂದೊಮ್ಮೆ ಡಾಕ್ಟರರು ಹೇಳಿದ್ದು ಆಗ ಕಿವಿಯೊಳಗೇ ಕೂತಿತ್ತು. “ತಲೆ ನೋಯ್ತದಾ?” ಎಂದು ಕೇಳುತ್ತಲೇ ಇದ್ದೆ. “ನೀನು ಕೇಳಿ ಕೇಳಿಯೇ ನೋಯ್ತದೆ,” ಎಂದರು ಅಪ್ಪ.

ಆಸ್ಪತ್ರೆಯಲ್ಲಿ ರಕ್ತ ಪುನಃ ನೋಡಿದರು. ರಕ್ತ ಎಷ್ಟು ತೆಳು ಎಂಬುದರ ಅಂಕೆ ನಿನ್ನೆಗಿಂತ ಸ್ವಲ್ಪವೇ ಹೆಚ್ಚು. ನಾನು ಉಸಿರು ಬಿಟ್ಟದ್ದನ್ನು ನೋಡಿ ಡಾಕ್ಟರರು ತಲೆಯಾಡಿಸಿದರು.

“ಇವತ್ತು ತಿಂದ ಮಾತ್ರೆ ಈ ಲೆಕ್ಕದಲ್ಲಿ ಇಲ್ಲ. ಅದರ ಕೆಲಸ ಕಾಣುವುದು ನಾಳೆ, ನಾಡಿದ್ದು. ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಕೊಡುತ್ತೇವೆ. ಕವಾಟ ಬದಲಾಯಿಸಿದವರಲ್ಲವಾ, ಅದನ್ನೂ ಜಾಸ್ತಿ ಕೊಡುವ ಹಾಗಿಲ್ಲ. ಇಲ್ಲೇ ಇರಲಿ, ನೋಡುವ.”

ನೋಡುವ ಎಂದರೆ ಏನನ್ನು ನೋಡುವುದು? ಭಯ ಪಡಲಿಕ್ಕೆ ಒಂದು ಗಾಯವಾದರೂ ಇರಲಿಲ್ಲ. ಅಪ್ಪ ಗಂಜಿ ಉಂಡರು, ಪೇಪರ್ ಓದಿದರು, ಪಕ್ಕದ ಹಾಸಿಗೆಯವರೊಡನೆ ಅಡಿಕೆ ರೇಟು ಮಾತಾಡಿದರು. ನಾನು ಅವರ ತೋಳಿನ ನೀಲಿ ಕಲೆಯನ್ನು ನಿನ್ನೆಯದಾ ಇವತ್ತಿನದಾ ಎಂದು ಬಗ್ಗಿ ನೋಡುತ್ತಿದ್ದೆ. ಶೌಚಕ್ಕೆ ಹೋಗಿ ಬಂದರೆ, ಹೊಟ್ಟೆಯೊಳಗೆ ರಕ್ತ ಹರಿದಿದ್ದರೆ ಎಂದು ಹೆದರಿ, ಕಪ್ಪಗಿತ್ತಾ ಎಂದು ಕೇಳುತ್ತಿದ್ದೆ. ಅವರು ನಿದ್ದೆ ಹೋದರೆ ಎಬ್ಬಿಸಿ ನನ್ನ ಹೆಸರು ಕೇಳಬೇಕೆನಿಸುತ್ತಿತ್ತು.

ಸಿಸ್ಟರ್ ಡ್ಯೂಟಿ ಮುಗಿಸಿ ದಿನಾ ಬಂದಳು. ಮೊದಲ ದಿನ ವರಾಂಡದಲ್ಲಿ ಅತ್ತಿಗೆಯ ಎದುರು ನಿಂತು, “ಚೇಚಿ, ಅಕ್ಕಾ, ನನ್ನ ತಪ್ಪು. ಮದ್ದಿನ ವಿಷಯ ಹಾಗೆ ಬರೆಯಬಾರದಿತ್ತು. ನಾನು ಚೀಟಿಯಲ್ಲಿ ದಿನಾ ನೋಡುವ ಅಕ್ಷರ ಅದು, ಬರೆಯುವಾಗ ನೆನಪಾಗಲಿಲ್ಲ,” ಎಂದಳು.

“ನಾನು ಒಂದು ಫೋನ್ ಮಾಡಿ ಕೇಳಬಹುದಿತ್ತು,” ಎಂದಳು ಅತ್ತಿಗೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು.

ಮೂರನೆಯ ದಿನದ ಪರೀಕ್ಷೆಯಲ್ಲಿ ಅಂಕೆ ಇಳಿದಿತ್ತು. ಅದರ ಮರುದಿನ ಇನ್ನೂ ಇಳಿಯಿತು. ವಸಡಿನ ರಕ್ತ ನಿಂತಿತು. ಕಡಿಮೆ ಪ್ರಮಾಣದ ಮಾತ್ರೆ ಬರೆದು ಮನೆಗೆ ಕಳಿಸಿದರು.

ಆದರೆ ಅತ್ತಿಗೆ ಮಾತ್ರೆಯ ಡಬ್ಬಿ ಮುಟ್ಟಲು ಒಪ್ಪಲಿಲ್ಲ. “ನೀವೇ ಕೊಡಿ,” ಎಂದು ನನ್ನ ಕಡೆ ದೂಡುತ್ತಿದ್ದಳು. ನಾನು ಶಾಲೆಯಿಂದ ತಡವಾಗಿ ಬಂದ ದಿನ ಅಪ್ಪ ಮಾತ್ರೆಯಿಲ್ಲದೆ ಕಾದು ಕೂತಿರುತ್ತಿದ್ದರು. ಡಬ್ಬಿ ತೆರೆಯುವ ಮೊದಲು ನಾನೂ ಚೀಟಿಯನ್ನು ಎರಡೆರಡು ಸಲ ಓದುತ್ತಿದ್ದೆ.

ಮುಂದಿನ ಪರೀಕ್ಷೆಯ ದಿನ ಸಿಸ್ಟರ್ ಅತ್ತಿಗೆಗೆ ಕಳಿಸಿದ ಮೆಸೇಜ್ ಕನ್ನಡ ಅಕ್ಷರದಲ್ಲಿತ್ತು. ಒತ್ತಕ್ಷರ ಒಂದೆರಡು ಕಡೆ ತಪ್ಪಿತ್ತು; ಸರಿಮಾಡಿ ಓದಿದರೆ ಹೀಗೆ: “ಅಪ್ಪನ ರಕ್ತ ಪರೀಕ್ಷೆ ಸರಿ ಇದೆ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಬಿಳಿ ಮಾತ್ರೆಯನ್ನು ದಿನಕ್ಕೆ ಒಂದು ಸಲ, ಸಂಜೆ ಮಾತ್ರ, ಒಂದು ಕೊಡಿ. ಬೇರೆ ಹೊತ್ತಿಗೆ ಕೊಡಬೇಡಿ. ಇದರಿಂದ ನಿಮಗೆ ಎಂತ ಅರ್ಥ ಆಯ್ತು ಅಂತ ನನಗೆ ಫೋನ್ ಮಾಡಿ ಹೇಳಿ.”

ಅತ್ತಿಗೆ ಅದನ್ನು ಗಟ್ಟಿಯಾಗಿ ಓದಿದಳು. ಫೋನ್ ಮಾಡಿ, ಶಾಲೆಯ ಮಗು ಪಾಠ ಒಪ್ಪಿಸುವ ಹಾಗೆ ಹೇಳಿದಳು. ಆ ಕಡೆಯಿಂದ ಸರಿ ಎಂದ ಮೇಲೂ ಇನ್ನೊಮ್ಮೆ ಹೇಳಿದಳು. ಆಮೇಲೆ ಡಬ್ಬಿ ತೆಗೆದು, ಒಂದು ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಬೆಳಕಿಗೆ ಹಿಡಿದು ನೋಡಿ, ಅಪ್ಪನಿಗೆ ಕೊಟ್ಟಳು. ಅವರು ನೀರು ಕುಡಿದು ಮುಗಿಸುವವರೆಗೂ ಲೋಟದಿಂದ ಕಣ್ಣು ತೆಗೆಯಲಿಲ್ಲ.